0.1 + 0.2 ಕೂಡಿದ್ರೆ 0.3 ಯಾಕೆ ಬರ್ತಿಲ್ಲ? ಡೈರಿ ಲೆಕ್ಕದ ಪ್ರೋಗ್ರಾಂ ತಾಳೆ ಆಗ್ತಿಲ್ಲ

ಹಾಸನ_ಹುಡುಗ
ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿ ಡೈರಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೀತಿದ್ದೀನಿ. ರೈತರು ಹಾಕಿದ ಹಾಲು ಒಂದೊಂದಾಗಿ ಕೂಡ್ಕೊಂಡು ಹೋಗಿ, ಕೊನೆಗೆ ಕ್ಯಾನಿನ ಒಟ್ಟು ಅಳತೆ ಜೊತೆ ಸಮ ಇದೆಯಾ ಅಂತ ನೋಡುತ್ತೆ. ಸಮ ಇಲ್ಲ ಅಂದ್ರೆ ಕೆಂಪು ಅಕ್ಷರದಲ್ಲಿ "ವ್ಯತ್ಯಾಸ ಇದೆ" ಅಂತ ತೋರಿಸುತ್ತೆ. ಪರೀಕ್ಷೆ ಮಾಡೋಕೆ ಅಂತ 0.1, 0.2 ಹಾಕಿ ಕ್ಯಾನಿಗೆ 0.3 ಕೊಟ್ಟೆ. ಕೆಂಪು ಬಂತು! 0.1, 0.3 ಹಾಕಿ 0.4 ಕೊಟ್ರೆ ಸರಿ ಹೋಗುತ್ತೆ.

```python
>>> 0.1 + 0.2
0.30000000000000004
>>> 0.1 + 0.2 == 0.3
False
>>> 0.1 + 0.3 == 0.4
True
```

ಒಂದು ತಪ್ಪು, ಇನ್ನೊಂದು ಸರಿ. ಇದೇ ನಂಗೆ ಅರ್ಥ ಆಗ್ತಿಲ್ಲ. ಎರಡೂ ತಪ್ಪಾಗಿದ್ರೆ ಒಪ್ಕೊಳ್ತಿದ್ದೆ.

ಬೇಲೂರು_ಜಾವಾ
ಪೈಥಾನ್ ಸಮಸ್ಯೆ ಗುರು ಇದು. ಜಾವಾಗೆ ಬಾ.

ಬಿಟ್_ಬೈಟ್_ಚಿಕ್ಕಮಗಳೂರು
@ಬೇಲೂರು_ಜಾವಾ ಜಾವಾದಲ್ಲಿ `System.out.println(0.1 + 0.2);` ಒಮ್ಮೆ ಓಡಿಸಿ ನೋಡಿ, ಅದೇ 0.30000000000000004 ಬರುತ್ತೆ. ಜಾವಾಸ್ಕ್ರಿಪ್ಟ್‌ನಲ್ಲೂ ಅದೇ. ಸಿ ಭಾಷೆಯಲ್ಲಿ `%f` ಹಾಕಿದ್ರೆ 0.300000 ಅಂತ ಆರು ಅಂಕೆ ಮಾತ್ರ ಕಾಣುತ್ತೆ, ಅದಕ್ಕೇ ಸಿ ಬರೆಯೋರಿಗೆ ಗೊತ್ತಾಗಲ್ಲ. `%.17g` ಹಾಕಿ, ಅಲ್ಲೂ ಬಾಲ ಕಾಣುತ್ತೆ. ಈ ಭಾಷೆಗಳೆಲ್ಲಾ ಪ್ರೊಸೆಸರಿನ ಒಂದೇ 64 ಬಿಟ್ ಡಬಲ್ ಬಳಸೋದ್ರಿಂದ ಉತ್ತರವೂ ಒಂದೇ. ಐಟ್ರಿಪಲ್‌ಇ 754 ಅನ್ನೋ ನಿಯಮ 1985ರಲ್ಲಿ ಬಂದದ್ದೇ ಯಂತ್ರ ಯಾವುದಾದ್ರೂ ಉತ್ತರ ಒಂದೇ ಇರಲಿ ಅಂತ.

ಲೆಕ್ಕದ_ಮೇಷ್ಟ್ರು
ಮೂಲ ಕಾರಣ ಬಹಳ ಸರಳ. ಕಂಪ್ಯೂಟರ್ ಭಿನ್ನರಾಶಿಯನ್ನು ಅರ್ಧ, ಕಾಲು, ಅರೆಕಾಲು, ಹದಿನಾರನೇ ಒಂದು, ಹೀಗೆ ಎರಡೆರಡಾಗಿ ಸೀಳಿದ ಚೂರುಗಳಿಂದ ಕಟ್ಟುತ್ತದೆ. 0.75 ಅಂದರೆ ಅರ್ಧ ಮತ್ತು ಕಾಲು, ಮುಗೀತು. ಹತ್ತನೇ ಒಂದನ್ನು ಹೀಗೆ ಕಟ್ಟಲು ಹೋದರೆ ಮುಗಿಯುವುದೇ ಇಲ್ಲ. ಹತ್ತರಲ್ಲಿ ಐದು ಎಂಬ ಅಪವರ್ತನ ಇದೆ, ಎರಡನ್ನು ಎಷ್ಟು ಸಲ ಗುಣಿಸಿದರೂ ಐದು ಅದನ್ನು ಭಾಗಿಸುವುದಿಲ್ಲ. ಹಾಗಾಗಿ 0.1 ಅನ್ನು ದ್ವಿಮಾನದಲ್ಲಿ ಬರೆದರೆ 0.000110011001100... ಎಂದು 0011 ಸುತ್ತುತ್ತಲೇ ಇರುತ್ತದೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ನಮ್ಮ ಹಿರಿಯರು ಇದನ್ನು ಕೈಯಾರೆ ಅನುಭವಿಸಿದ್ದಾರೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂದಾಗ ಹದಿನಾರು ಆಣೆಯ ರೂಪಾಯಿ ನೂರು ಹೊಸ ಪೈಸೆ ಆಯಿತು. ಒಂದು ಆಣೆ ಎಂದರೆ 6.25 ಹೊಸ ಪೈಸೆ. ಕಾಲು ಪೈಸೆ ನಾಣ್ಯ ಎಲ್ಲಿದೆ? ಒಂದು ಆಣೆಗೆ 6 ಪೈಸೆ ಎಂದು ಹಿಡಿದರು. ನಾಲ್ಕು ಆಣೆಗೆ ಸರಿಯಾಗಿ 25. ಆದರೆ ಒಂದೊಂದೇ ಆಣೆಯನ್ನು ಬದಲಾಯಿಸಿ ನಾಲ್ಕನ್ನು ಕೂಡಿದರೆ 24. ಮೊದಲು ಸುತ್ತಿಸಿ ಆಮೇಲೆ ಕೂಡಿದ್ದಕ್ಕೂ, ಮೊದಲು ಕೂಡಿ ಆಮೇಲೆ ಸುತ್ತಿಸಿದ್ದಕ್ಕೂ ಇರುವ ಅಂತರ ಅದು. 0.1 ಮತ್ತು 0.2ಕ್ಕೆ ಆಗಿರುವುದೂ ಅದೇ.

ಹಾಸನ_ಹುಡುಗ
ಮೇಷ್ಟ್ರೇ, ಅಷ್ಟು ಅರ್ಥ ಆಯ್ತು. ಆದರೆ 0.3, 0.4 ಕೂಡ ಮುಗಿಯದ ಸಂಖ್ಯೆಗಳೇ ತಾನೆ? 0.1 + 0.3 ಮಾತ್ರ ಹೇಗೆ ಸರಿ ಹೋಯ್ತು?

ಮೂಡಿಗೆರೆ_ಮಾರಾಯ
ಕೆಲವು ಸಂಖ್ಯೆ ಒಳ್ಳೇವು ಕೆಲವು ಕೆಟ್ಟವು ಮಾರಾಯ, ಅಷ್ಟೇ. 0.2 ಕೆಟ್ಟದ್ದು ಇರ್ಬೇಕು.

ಬಿಟ್_ಬೈಟ್_ಚಿಕ್ಕಮಗಳೂರು
ಹಾಗಲ್ಲ ಮಾರಾಯ್ರೆ. ಒಳ್ಳೇದು ಕೆಟ್ಟದ್ದು ಅಂತ ಇಲ್ಲ, ಸುತ್ತಿಸುವಾಗ ಯಾವುದು ಮೇಲೆ ಹೋಯ್ತು ಯಾವುದು ಕೆಳಗೆ ಬಂತು ಅನ್ನೋದು ಮುಖ್ಯ. ಕಣ್ಣಾರೆ ನೋಡೋಣ. ಡಬಲ್‌ನ ಒಳಗೆ ಏನಿದೆ ಅಂತ ಪೈಥಾನ್ ಹೆಕ್ಸ್‌ನಲ್ಲಿ ತೋರಿಸುತ್ತೆ:

```python
>>> (0.1).hex()
'0x1.999999999999ap-4'
>>> (0.2).hex()
'0x1.999999999999ap-3'
>>> (0.3).hex()
'0x1.3333333333333p-2'
>>> (0.1 + 0.2).hex()
'0x1.3333333333334p-2'
```

0.1ರಲ್ಲಿ 9 ಅನಂತವಾಗಿ ಬರಬೇಕು. ಚುಕ್ಕಿ ಆದ್ಮೇಲೆ ಜಾಗ ಇರೋದು 13 ಹೆಕ್ಸ್ ಅಂಕೆಗೆ ಮಾತ್ರ, ಅಂದ್ರೆ 52 ಬಿಟ್. ಕತ್ತರಿಸಿದ ಬಾಲ ಮತ್ತೆ 9ರಿಂದ ಶುರುವಾಗೋದ್ರಿಂದ ಅದು ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಕೊನೆಯ 9 ಮೇಲೆ ಹೋಗಿ `a` ಆಯ್ತು. 0.2 ಅಂದ್ರೆ 0.1ರ ಎರಡರಷ್ಟು, ಅಂಕೆಗಳು ಅವೇ, ಅದೂ ಮೇಲೆ ಹೋಗಿದೆ. 0.3ರಲ್ಲಿ ಬಾಲ 3ರಿಂದ ಶುರು, ಅರ್ಧಕ್ಕಿಂತ ಕಮ್ಮಿ, ಹಾಗಾಗಿ ಅದು ಕೆಳಗೆ ಬಂದಿದೆ. ಅಂದ್ರೆ ನಾವು ಕೂಡೋ ಎರಡೂ ನಿಜಕ್ಕಿಂತ ಒಂಚೂರು ದೊಡ್ಡವು, ಹೋಲಿಸೋ 0.3 ಒಂಚೂರು ಚಿಕ್ಕದು.

ಇನ್ನು ಅಳತೆ. ಕಾಲು ಮತ್ತು ಅರ್ಧದ ನಡುವೆ ಪಕ್ಕಪಕ್ಕದ ಎರಡು ಡಬಲ್‌ಗಳ ಅಂತರ 2ರ ಮೈನಸ್ 54ನೇ ಘಾತ, ಸುಮಾರು 5.55e-17. ಇದನ್ನ ಒಂದು ಹೆಜ್ಜೆ ಅಂತ ಇಟ್ಕೊಳ್ಳಿ. ಈ ಹೆಜ್ಜೆಯಲ್ಲಿ ಅಳೆದ್ರೆ 0.1 ನಿಜಕ್ಕಿಂತ 0.1 ಹೆಜ್ಜೆ ಮೇಲಿದೆ. 0.2 ನಿಜಕ್ಕಿಂತ 0.2 ಹೆಜ್ಜೆ ಮೇಲಿದೆ. ಕೂಡಿದ್ರೆ ನಿಜವಾದ 0.3ಕ್ಕಿಂತ 0.3 ಹೆಜ್ಜೆ ಮೇಲೆ. ಆ ಜಾಗದಲ್ಲಿ ಡಬಲ್ ಯಾವುದೂ ಇಲ್ಲ. ಹತ್ತಿರದಲ್ಲಿ ಇರೋದು ಎರಡೇ: ನಾವು 0.3 ಅಂತ ಬರೆದಾಗ ಸಿಗೋದು 0.2 ಹೆಜ್ಜೆ ಕೆಳಗಿದೆ, ಅದರ ಮುಂದಿನದು 0.8 ಹೆಜ್ಜೆ ಮೇಲಿದೆ.

ಈಗ ನೋಡಿ. ಮೈನಸ್ 0.2 ಮತ್ತು ಪ್ಲಸ್ 0.8, ಇವೆರಡರ ನಟ್ಟನಡುವೆ ಇರೋದು ಸರಿಯಾಗಿ 0.3! ಎರಡು ಕಡೆಗೂ ಅರ್ಧ ಹೆಜ್ಜೆ. ಹೀಗೆ ಸಮಸಮ ಬಿದ್ದಾಗ ಕೊನೇ ಬಿಟ್ ಸೊನ್ನೆ ಇರೋ ಕಡೆ ಹೋಗ್ಬೇಕು ಅಂತ ನಿಯಮ. ಮೇಲಿನ ಹೆಕ್ಸ್‌ನಲ್ಲಿ ಒಂದು 3ರಲ್ಲಿ ಮುಗಿಯುತ್ತೆ, ಬೆಸ. ಇನ್ನೊಂದು 4ರಲ್ಲಿ ಮುಗಿಯುತ್ತೆ, ಸಮ. ಹಾಗಾಗಿ ಉತ್ತರ ಮೇಲಕ್ಕೆ, 4ರ ಕಡೆಗೆ ಹೋಯ್ತು. ಅದೇ 0.30000000000000004.

ಹಾಸನ_ಹುಡುಗ
ಅಬ್ಬಾ! ಹಾಗಾದ್ರೆ 0.1 + 0.3?

ಬಿಟ್_ಬೈಟ್_ಚಿಕ್ಕಮಗಳೂರು
ಅದೇ ಹೆಜ್ಜೆ ಲೆಕ್ಕ ಹಾಕಿ. 0.1 ಪ್ಲಸ್ 0.1 ಹೆಜ್ಜೆ, 0.3 ಮೈನಸ್ 0.2 ಹೆಜ್ಜೆ, ಕೂಡಿದ್ರೆ 0.4ಕ್ಕಿಂತ 0.1 ಹೆಜ್ಜೆ ಕೆಳಗೆ. ನಮ್ಮ 0.4 ಇರೋದು 0.4 ಹೆಜ್ಜೆ ಮೇಲೆ, ಅದರ ಹಿಂದಿನದು 0.6 ಹೆಜ್ಜೆ ಕೆಳಗೆ. ಮತ್ತೆ ನಟ್ಟನಡುವೆ! ಆದರೆ ಈ ಸಲ 0.4 `a`ಯಲ್ಲಿ ಮುಗಿಯುತ್ತೆ, ಅದು ಸಮ. ಹಾಗಾಗಿ 0.4ರ ಕಡೆಗೇ ಬಿತ್ತು. ಎರಡು ಲೆಕ್ಕದಲ್ಲೂ ಅದೇ ಸಮಬಿದ್ದ ಪರಿಸ್ಥಿತಿ, ಅದೇ ನಿಯಮ. ಒಂದು ನಮಗೆ ಬೇಕಾದ ಕಡೆ ಬಿತ್ತು, ಇನ್ನೊಂದು ಬೀಳಲಿಲ್ಲ. "ನನ್ನ ಪರೀಕ್ಷೆಯಲ್ಲಿ ಸರಿ ಬಂತು" ಅಂತ `==` ನಂಬಬಾರದು ಅನ್ನೋದು ಇದಕ್ಕೇ.

ಲೆಕ್ಕದ_ಮೇಷ್ಟ್ರು
ಬಹಳ ಚೆನ್ನಾಗಿ ಬಿಡಿಸಿದಿರಿ. ನಾನು ಕಾಗದದ ಮೇಲೆ ತಾಳೆ ನೋಡಿದೆ, ಸರಿಯಾಗಿದೆ.

ಸಿ_ಪ್ರೇಮಿ
ಇಷ್ಟೆಲ್ಲಾ ಯಾಕೆ? ಸಿ ಭಾಷೆಯಲ್ಲಿ ಡಬಲ್ ಬಿಟ್ಟು ಫ್ಲೋಟ್ ಹಾಕಿ. `0.1f + 0.2f == 0.3f` ನಿಜ ಅಂತ ಬರುತ್ತೆ.

ಬಿಟ್_ಬೈಟ್_ಚಿಕ್ಕಮಗಳೂರು
ಬರುತ್ತೆ, ನಿಜ. ಆದ್ರೆ ಅದೂ ಬಿದ್ದ ಕಡೆ ಬಿದ್ದದ್ದೇ. 24 ಬಿಟ್‌ನಲ್ಲಿ ಕತ್ತರಿಸಿದಾಗ 0.3 ಕೂಡ ಮೇಲಕ್ಕೇ ಹೋಗುತ್ತೆ, ಮೊತ್ತವೂ ಅದರ ಹತ್ತಿರವೇ ಬೀಳುತ್ತೆ. ಆದರೆ ಫ್ಲೋಟ್‌ನಲ್ಲಿ ನೆಚ್ಚಿಕೊಳ್ಳೋ ಹಾಗಿರೋದು ಸುಮಾರು ಏಳು ಅಂಕೆ. 16777216 ಆದ್ಮೇಲೆ ಪೂರ್ಣಾಂಕಗಳೇ ತಪ್ಪಿ ಹೋಗ್ತವೆ, 16777217 ಅದರಲ್ಲಿ ಕೂರೋದೇ ಇಲ್ಲ. ಪೈಸೆಯಲ್ಲಿ ಅದು 1,67,772 ರೂಪಾಯಿ 17 ಪೈಸೆ. ಒಂದು ಡೈರಿಯ ಬಟವಾಡೆ ಅದನ್ನು ದಾಟಲ್ವಾ? ಹಣದ ಲೆಕ್ಕಕ್ಕೆ ಫ್ಲೋಟ್ ಬೇಡವೇ ಬೇಡ.

ತೋಟದ_ಲೆಕ್ಕ
ನಮ್ಮಲ್ಲೂ ಇದೇ ತೊಂದರೆ. ಕಾಫಿ ಚೀಲ ತೋಟದಲ್ಲಿ ತೂಗಿದಾಗ 50.0 ಕೆಜಿ, ಕೊಳ್ಳೋರ ಹತ್ರ ತೂಗಿದ್ರೆ 49.8. ಇದು ಈ ದಶಮಾಂಶದ ತಪ್ಪೇ ಇರ್ಬೇಕು ಅಲ್ವಾ?

ಡೈರಿ_ತಂತ್ರ
ಅಲ್ಲ ಸರ್, ಅದು ಬೇರೆ. ಡಬಲ್‌ನ ಒಂದು ಕೂಡಿಕೆಯ ತಪ್ಪು ಹದಿನಾರು ಹದಿನೇಳನೇ ಅಂಕೆಯಲ್ಲಿ ಇರುತ್ತೆ. 50 ಕೆಜಿಯಲ್ಲಿ ಒಂದು ಧೂಳಿನ ಕಣದಷ್ಟೂ ಅಲ್ಲ ಅದು. 200 ಗ್ರಾಂ ಹೋಗಿದೆ ಅಂದ್ರೆ ಒಂದೋ ತೇವ ಆರಿದೆ, ಇಲ್ಲ ಎರಡು ತಕ್ಕಡಿಯಲ್ಲಿ ಒಂದರ ಕ್ಯಾಲಿಬ್ರೇಷನ್ ಸರಿ ಇಲ್ಲ, ಇಲ್ಲ ಖಾಲಿ ಚೀಲದ ತೂಕ ಕಳೆಯೋದರಲ್ಲಿ ವ್ಯತ್ಯಾಸ. ಒಂದೇ ಚೀಲವನ್ನ ಒಂದೇ ದಿನ ಎರಡೂ ಕಡೆ ತೂಗಿಸಿ ನೋಡಿ. ಪ್ರೋಗ್ರಾಂ ಮೇಲೆ ಹಾಕ್ಬೇಡಿ.

ತೋಟದ_ಲೆಕ್ಕ
ಸರಿ, ಚೀಲದ ತೂಕ ಕೇಳಿ ನೋಡ್ತೀನಿ. ಇನ್ನೊಂದು ವಿಷ್ಯ, ನಮ್ಮ ರೈಟರ್ ಎಲ್ಲಾ ಎಕ್ಸೆಲ್‌ನಲ್ಲೇ ಬರೆಯೋದು. ಅಲ್ಲಿ 0.1 + 0.2 ಹಾಕಿದ್ರೆ ಸರಿಯಾಗಿ 0.3 ಬರುತ್ತಲ್ಲ?

ಬಿಟ್_ಬೈಟ್_ಚಿಕ್ಕಮಗಳೂರು
ಎಕ್ಸೆಲ್ 15 ಅಂಕೆಗಿಂತ ಹೆಚ್ಚು ತೋರ್ಸಲ್ಲ, ಅದಕ್ಕೆ ಹಾಗೆ ಕಾಣೋದು. ಒಳಗೆ ಅದೇ ಡಬಲ್. ಒಂದು ಖಾಲಿ ಸೆಲ್‌ನಲ್ಲಿ `=1*(0.5-0.4-0.1)` ಅಂತ ಹಾಕಿ ನೋಡಿ. ಸೊನ್ನೆ ಬರ್ಬೇಕಾದಲ್ಲಿ -2.78E-17 ಬರುತ್ತೆ.

ಅರಸೀಕೆರೆ_01
@ಹಾಸನ_ಹುಡುಗ `round` ಹಾಕಿ ಮುಗ್ಸಿ ಸರ್. `round(0.1 + 0.2, 1) == 0.3` ನಿಜ ಬರುತ್ತೆ.

ಡೈರಿ_ತಂತ್ರ
ಹೋಲಿಸೋ ಜಾಗದಲ್ಲಿ ಅದು ನಡೆಯುತ್ತೆ, ಅಡ್ಡಿಯಿಲ್ಲ. ದುಡ್ಡಿನ ಲೆಕ್ಕದಲ್ಲಿ ಅದನ್ನೇ ನಂಬಿದ್ರೆ ಕೈಕೊಡುತ್ತೆ. `round(2.675, 2)` ಹಾಕಿ, 2.68 ಬರಲ್ಲ, 2.67 ಬರುತ್ತೆ. ಯಾಕಂದ್ರೆ ಒಳಗೆ ಕೂತಿರೋದು 2.67499999999999982 ಅಂತ. `round` ತಪ್ಪು ಮಾಡಿಲ್ಲ, ಅದರ ಕೈಗೆ ಬಂದದ್ದೇ ಕಮ್ಮಿ.

ಕಡೂರು_ಕೋಡ್
ಎಪ್ಸಿಲಾನ್ ಇದೆಯಲ್ಲ. ಎರಡು ಸಂಖ್ಯೆಗಳ ವ್ಯತ್ಯಾಸ `sys.float_info.epsilon`ಗಿಂತ ಕಮ್ಮಿ ಇದ್ರೆ ಸಮ ಅಂತ ಹಿಡೀಬೇಕು. ಇದೇ ಸರಿಯಾದ ದಾರಿ.

ಬಿಟ್_ಬೈಟ್_ಚಿಕ್ಕಮಗಳೂರು
ಅರ್ಧ ಸರಿ. ದಾರಿ ಸರಿ, ಅಳತೆ ತಪ್ಪು. ಆ ಎಪ್ಸಿಲಾನ್ 2.22e-16, ಅದು 1.0ರ ಪಕ್ಕದ ಅಂತರ. ಕ್ಯಾನಿನ ಒಟ್ಟು 800 ಲೀಟರ್ ಇದ್ದಾಗ ಪಕ್ಕಪಕ್ಕದ ಎರಡು ಡಬಲ್‌ಗಳ ನಡುವಿನ ಅಂತರವೇ ಸುಮಾರು 1.14e-13. ಒಂದೇ ಹೆಜ್ಜೆ ತಪ್ಪಿದ್ರೂ ನಿಮ್ಮ ಎಪ್ಸಿಲಾನ್ ದಾಟಿ ಹೋಗುತ್ತೆ. ಅಲ್ಲಿ ನಿಮ್ಮ ಹೋಲಿಕೆಗೂ ಬರೀ `==`ಗೂ ಏನೂ ವ್ಯತ್ಯಾಸ ಇಲ್ಲ.

ಎಷ್ಟು ಸಡಿಲ ಬಿಡ್ಬೇಕು ಅನ್ನೋದನ್ನ ಹಾಲಿನ ಅಳತೆಯೇ ಹೇಳುತ್ತೆ. ಅಳತೆ 0.1 ಲೀಟರ್‌ವರೆಗೆ ಇದ್ರೆ `math.isclose(a, b, abs_tol=0.001)` ಸಾಕು. ಆ `abs_tol` ಮರೀಬೇಡಿ. ಬಿಟ್ರೆ ಅದು ಸೊನ್ನೆ ಆಗಿರುತ್ತೆ, ಆಗ 0 ಜೊತೆ ಹೋಲಿಸಿದ್ರೆ ಎಷ್ಟೇ ಚಿಕ್ಕ ಬಾಲ ಇದ್ರೂ ಸಮ ಅಲ್ಲ ಅಂತಲೇ ಹೇಳುತ್ತೆ.

ಅರಸೀಕೆರೆ_01
`math.fsum` ಬಗ್ಗೆ ಯಾರೂ ಹೇಳ್ಲಿಲ್ಲ. ಅದು ಒಂಚೂರೂ ತಪ್ಪಿಲ್ಲದೆ ಕೂಡುತ್ತೆ ಅಂತಾರೆ.

ಬಿಟ್_ಬೈಟ್_ಚಿಕ್ಕಮಗಳೂರು
ತುಂಬಾ ಸಂಖ್ಯೆ ಕೂಡುವಾಗ ಅದು ಉಪಯೋಗಕ್ಕೆ ಬರುತ್ತೆ. ಹತ್ತು 0.1 ಕೊಟ್ರೆ ಸರಿಯಾಗಿ 1.0 ಕೊಡುತ್ತೆ, ಲೂಪ್‌ನಲ್ಲಿ ಒಂದೊಂದೇ ಕೂಡಿದ್ರೆ 0.9999999999999999 ಬರುತ್ತೆ. ಆದ್ರೆ `math.fsum([0.1, 0.2])` ಹಾಕಿ ನೋಡಿ, ಮತ್ತೆ 0.30000000000000004. ಅದು ನಡುವಿನ ತಪ್ಪನ್ನು ತಡೆಯುತ್ತೆ, ಆದ್ರೆ ಒಳಗೆ ಬರುವಾಗಲೇ 0.1 ಮತ್ತು 0.2 ಉಬ್ಬಿ ಬಂದಿವೆ. ಕೊನೆಗೆ ಡಬಲ್‌ಗೆ ಇಳಿಸುವಾಗ ಅದೇ ಸಮಸಮ ಬೀಳುತ್ತೆ, ಅದೇ ಕಡೆ ಹೋಗುತ್ತೆ.

ಮೂಡಿಗೆರೆ_ಮಾರಾಯ
ಓ, ಹಾಗಾದ್ರೆ ಕೂಡೋದು ತಪ್ಪಲ್ಲ, ಬರೆಯೋದೇ ತಪ್ಪು!

ಬಿಟ್_ಬೈಟ್_ಚಿಕ್ಕಮಗಳೂರು
ಹೆಚ್ಚುಕಮ್ಮಿ ಹಾಗೇ ಮಾರಾಯ್ರೆ. ಮೂರು ಸಲ ಬರೆಯುವಾಗ, ಒಂದು ಸಲ ಕೂಡುವಾಗ, ಒಟ್ಟು ನಾಲ್ಕು ಕಡೆ ಸುತ್ತಿಸಿದೆ.

ಕಡೂರು_ಕೋಡ್
ಹಾಗಿದ್ರೆ ಡೆಸಿಮಲ್ ಬಳಸಿ. `Decimal(0.1) + Decimal(0.2)`.

ಡೈರಿ_ತಂತ್ರ
ಉದ್ಧರಣ ಚಿಹ್ನೆ ಬೇಕು ಕಡೂರಿನವರೇ! ನೀವು ಬರೆದ ಹಾಗೆ ಬರೆದ್ರೆ ಮೊದಲು ಡಬಲ್ ಆಗಿ, ಉಬ್ಬಿದ ಮೇಲೆ ಡೆಸಿಮಲ್‌ಗೆ ಹೋಗುತ್ತೆ. `Decimal('0.1') + Decimal('0.2')` ಅಂತ ಬರೀಬೇಕು, ಆಗ ಸರಿಯಾಗಿ 0.3. ಡೇಟಾಬೇಸ್ ಟೇಬಲ್‌ನಲ್ಲೂ ಹಾಗೇ, ಕಾಲಂ `DOUBLE` ಇದ್ರೆ ಮೇಲೆ ಎಷ್ಟು ಡೆಸಿಮಲ್ ಬಳಸಿದ್ರೂ ಪ್ರಯೋಜನ ಇಲ್ಲ, `DECIMAL(10,3)` ಮಾಡ್ಕೊಳ್ಳಿ.

ನನ್ನನ್ನ ಕೇಳಿದ್ರೆ ಡೈರಿಗೆ ಅದೂ ಬೇಡ. ಪೂರ್ಣಾಂಕ ಸಾಕು. ಹಾಲನ್ನ ಮಿಲಿಲೀಟರ್‌ನಲ್ಲಿ ಇಡಿ, ದುಡ್ಡನ್ನ ಪೈಸೆಯಲ್ಲಿ ಇಡಿ. 100 ಮತ್ತು 200 ಕೂಡಿದ್ರೆ 300, ಯಾವ ಯಂತ್ರದಲ್ಲೂ. ಒಬ್ಬ ರೈತ 7.35 ಲೀಟರ್ ಹಾಕಿದ, ಫ್ಯಾಟ್ ನೋಡಿ ಲೀಟರಿಗೆ 36.75 ದರ ಬಿತ್ತು ಅಂದ್ಕೊಳ್ಳಿ:

```python
ml = 7350
dara = 3675      # ಲೀಟರಿಗೆ ಪೈಸೆ
paise = (ml * dara + 500) // 1000
```

ಗುಣಿಸಿದ್ರೆ 27011250, ಅಂದ್ರೆ 27011.25 ಪೈಸೆ. ಐನೂರು ಸೇರಿಸಿ ಸಾವಿರದಿಂದ ಭಾಗಿಸಿದಾಗ 27011 ಪೈಸೆ, 270 ರೂಪಾಯಿ 11 ಪೈಸೆ. ಸುತ್ತಿಸೋದು ಒಂದೇ ಜಾಗದಲ್ಲಿ, ನಮ್ಮ ಕಣ್ಣೆದುರಿಗೆ.

ಒಂದೇ ಎಚ್ಚರ, ಟೈಪ್ ಮಾಡಿದ್ದನ್ನ ಒಳಗೆ ತಗೊಳ್ಳೋ ಬಾಗಿಲಲ್ಲೇ ತುಂಬಾ ಜನ ಎಡವೋದು. `int(float("4.35") * 100)` ಬರೆದ್ರೆ 434 ಬರುತ್ತೆ! ಗುಣಿಸಿದ್ದು 434.99999999999994 ಆಗಿರುತ್ತೆ, `int` ಬಾಲ ಕತ್ತರಿಸಿ ಬಿಸಾಕುತ್ತೆ. ಅಲ್ಲೊಂದು ಪೈಸೆ ಹೋಯ್ತು. `int(Decimal("4.35") * 100)` ಅಂತ ಬರೆಯಿರಿ, 435 ಬರುತ್ತೆ.

ಹಾಸನ_ಹುಡುಗ
ಅಯ್ಯೋ, ದರ ಓದೋ ಜಾಗದಲ್ಲಿ ಸರಿಯಾಗಿ ಆ `int(float(...))` ಸಾಲೇ ಇದೆ. ಈಗಲೇ ತೆಗೀತೀನಿ. ಹಾಲಿನ ಅಳತೆಯೂ ಮಿಲಿಲೀಟರ್‌ಗೆ ಹಾಕ್ತೀನಿ.

ಕಡೂರು_ಕೋಡ್
ಪೂರ್ಣಾಂಕದಲ್ಲಿ ಯೂನಿಟ್ ಮರೆತು ಹೋಗೋ ಅಪಾಯ ಇದೆ. ಆರು ತಿಂಗಳು ಬಿಟ್ಟು ಬೇರೆಯವರು ಬಂದು 7350 ನೋಡಿದ್ರೆ ಅದು ಮಿಲಿಲೀಟರಾ ಪೈಸೆಯಾ ಅಂತ ಹೇಗೆ ಗೊತ್ತಾಗ್ಬೇಕು? ಡೆಸಿಮಲ್‌ನಲ್ಲಿ 7.35 ಅಂತಲೇ ಕಾಣುತ್ತೆ. ನನ್ನ ಓಟು ಡೆಸಿಮಲ್‌ಗೆ.

ಡೈರಿ_ತಂತ್ರ
ಹೆಸರು ಸರಿಯಾಗಿ ಇಟ್ರೆ ಮರೆಯಲ್ಲ, `halu_ml`, `mottha_paise` ಅಂತ. ಡೆಸಿಮಲ್ ತಗೊಂಡ್ರೆ ಸುತ್ತಿಸೋ ನಿಯಮ ಬಾಯ್ಬಿಟ್ಟು ಹೇಳ್ಬೇಕು. ಪೈಥಾನ್‌ನಲ್ಲಿ ಸುಮ್ನೆ ಬಿಟ್ರೆ ಅದು `ROUND_HALF_EVEN`, ಎರಡೂವರೆ ಪೈಸೆ ಎರಡಾಗುತ್ತೆ. ರೈತ ಮೂರು ಅಂತ ಲೆಕ್ಕ ಹಾಕಿರ್ತಾನೆ. `ROUND_HALF_UP` ಕೊಡಿ.

ಲೆಕ್ಕದ_ಮೇಷ್ಟ್ರು
ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವಾಗ ಸುತ್ತಿಸಬೇಕು? ಮೇಲಿನ ಉದಾಹರಣೆಯಲ್ಲಿ ಪ್ರತಿ ಪಾಳಿಗೆ ಕಾಲು ಪೈಸೆ ಬಿಟ್ಟುಹೋಗುತ್ತದೆ. ಹದಿನೈದು ದಿನ, ದಿನಕ್ಕೆ ಎರಡು ಪಾಳಿ, ಅದೇ ಹಾಲು ಅದೇ ದರ ಎಂದರೆ ಏಳೂವರೆ ಪೈಸೆ. ಸುತ್ತಿಸದ ಮೊತ್ತವನ್ನೇ ಕೂಡುತ್ತಾ ಹೋಗಿ ಬಟವಾಡೆಯ ದಿನ ಒಂದೇ ಸಲ ಸುತ್ತಿಸುವುದು ನ್ಯಾಯ.

ಡೈರಿ_ತಂತ್ರ
ಆಗ ರೈತ ತನ್ನ ಚೀಟಿಗಳನ್ನೆಲ್ಲ ಕೂಡಿ ನೋಡಿದ್ರೆ ಬಿಲ್ ಜೊತೆ ತಾಳೆ ಆಗಲ್ಲ ಮೇಷ್ಟ್ರೇ. ಅವನ ಕೈಯಲ್ಲಿ ಇರೋದು ಚೀಟಿ ಮಾತ್ರ. ಚೀಟಿಯಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಕೂಡ್ಬೇಕು. ತಾಳೆ ಆಗದಿದ್ರೆ ಕಾರ್ಯದರ್ಶಿಯನ್ನ ಕೇಳೋದು ಪೈಸೆಗಲ್ಲ, ನಂಬಿಕೆಗೆ.

ಲೆಕ್ಕದ_ಮೇಷ್ಟ್ರು
ಚೀಟಿಯಲ್ಲಿ ಪೈಸೆಯ ಭಾಗವನ್ನೂ ಅಚ್ಚು ಹಾಕಿದರೆ ಆಯಿತಲ್ಲ, 270.1125 ಎಂದು.

ಅರಸೀಕೆರೆ_01
ಚೀಟಿ ಪ್ರಿಂಟರ್ ಅಗಲ ಎರಡೇ ಇಂಚು ಸರ್, ಹೆಸರೇ ಪೂರ್ತಿ ಬರಲ್ಲ ಅದರಲ್ಲಿ.

ಹಾಸನ_ಹುಡುಗ
ಎರಡೂ ಕಾಲಂ ಇಡ್ತೀನಿ: ಒಂದು ಚೀಟಿಗೆ ಸುತ್ತಿಸಿದ ಪೈಸೆ, ಇನ್ನೊಂದು ಸುತ್ತಿಸದ ಗುಣಲಬ್ಧ, ಅದೇ 27011250 ಅನ್ನೋದು. ಬಿಲ್‌ಗೆ ಯಾವುದು ಅಂತ ಡೈರಿಯವರು ತೀರ್ಮಾನ ಮಾಡ್ಲಿ, ಯಾವುದು ಅಂದ್ರೂ ಒಂದು ಸಾಲು ಬದಲಾಯಿಸಿದ್ರೆ ಸಾಕು. ಕ್ಯಾನಿನ ಹೋಲಿಕೆ ಈಗ ಮಿಲಿಲೀಟರ್‌ನಲ್ಲಿ ಬರೀ `==`, ಕೆಂಪು ಹೋಯ್ತು.

ಡೈರಿ_ತಂತ್ರ
ಕೆಂಪು ಪೂರ್ತಿ ಹೋಗಲ್ಲ. ಕ್ಯಾನಿಗೆ ಸುರಿಯುವಾಗ ಚೆಲ್ಲಿದ್ದು, ಫ್ಯಾಟ್ ನೋಡೋಕೆ ತೆಗೆದ ಸ್ಯಾಂಪಲ್, ಇವು ನಿಜವಾದ ವ್ಯತ್ಯಾಸ. ಅದಕ್ಕೆ ಎಷ್ಟು ಮಿಲಿ ಬಿಡೋದು ಅಂತ ಕೇಳಿ ಮಿತಿ ಇಡಿ, `==` ಬೇಡ.